ಸಿಮೆಂಟಿನ ಜಾಗಕ್ಕೆ ಫ್ಲೈ ಆಶ್ ಅಥವಾ ಸ್ಲ್ಯಾಗ್: ಒಂದು ಘನ ಮೀಟರ್ ಕಾಂಕ್ರೀಟಿಗೆ ಯಾವುದು ಎಷ್ಟು?

“ನಮ್ಮ ಮಿಕ್ಸ್‌ನಲ್ಲಿ 7 ಚೀಲ ಸಿಮೆಂಟಿದೆ. ಕಾಲು ಭಾಗ ಫ್ಲೈ ಆಶ್ ಹಾಕಬೇಕು ಅಂದ್ರೆ ಅಷ್ಟು ಸಿಮೆಂಟು ತೆಗೆದು ಅಷ್ಟೇ ಬೂದಿ ಸುರಿದರೆ ಆಯ್ತಲ್ವಾ?” ಸೈಟ್ ಎಂಜಿನಿಯರುಗಳು, ಕಂಟ್ರಾಕ್ಟರುಗಳು, ತಾವೇ ನಿಂತು ಮನೆ ಕಟ್ಟಿಸುತ್ತಿರುವವರು, ಎಲ್ಲರೂ ಸುತ್ತಿ ಬಳಸಿ ಇದನ್ನೇ ಕೇಳುತ್ತಾರೆ. ಆಗುವುದಿಲ್ಲ. ಸಿಮೆಂಟನ್ನು ನಾವು ತೂಕದಲ್ಲಿ ಹಾಕುತ್ತೇವೆ, ಕಾಂಕ್ರೀಟನ್ನು ಗಾತ್ರದಲ್ಲಿ ಅಳೆಯುತ್ತೇವೆ. ಒಂದು ಕೆ.ಜಿ. ಬೂದಿ ಒಂದು ಕೆ.ಜಿ. ಸಿಮೆಂಟಿಗಿಂತ ಹೆಚ್ಚು ಜಾಗ ತಿನ್ನುತ್ತದೆ. ಆ ಜಾಗವನ್ನು ಬೇರೆ ಯಾವುದರಿಂದಲಾದರೂ ಕಡಿಮೆ ಮಾಡಬೇಕು. ಅದನ್ನು ಹೇಗೆ ಮಾಡುವುದು ಎಂದು ಒಂದೇ ಎಂ25 ಮಿಕ್ಸ್ ಹಿಡಿದುಕೊಂಡು ಕೊನೆಯವರೆಗೂ ಲೆಕ್ಕ ಹಾಕಿ ತೋರಿಸುತ್ತೇನೆ.

ಮೊದಲು ಎರಡು ಮಾತು, ಇವು ಏನು ಅಂತ. ಫ್ಲೈ ಆಶ್ ಅಂದರೆ ಕಲ್ಲಿದ್ದಲು ಉರಿಸುವ ವಿದ್ಯುತ್ ಸ್ಥಾವರದ ಹೊಗೆಯಿಂದ ಹಿಡಿದಿಟ್ಟ ನುಣುಪು ಹಾರುಬೂದಿ. ನಮ್ಮಲ್ಲಿ ರಾಯಚೂರಿನ ಶಕ್ತಿನಗರ, ಬಳ್ಳಾರಿಯ ಕುಡತಿನಿ ಇದರ ಮೂಲ. ಇದು ತಾನಾಗಿ ಗಟ್ಟಿಯಾಗುವ ವಸ್ತುವಲ್ಲ. ಸಿಮೆಂಟು ನೀರಿನೊಂದಿಗೆ ಸೇರಿದಾಗ ಹೊರಬರುವ ಸುಣ್ಣವನ್ನು ಹಿಡಿದುಕೊಂಡು ನಿಧಾನವಾಗಿ ಅಂಟಾಗುತ್ತದೆ. ಹಳೆಯ ಕಾಲದ ಸುರ್ಕಿ ಗಾರೆಯಲ್ಲಿ ಸುಟ್ಟ ಇಟ್ಟಿಗೆ ಪುಡಿ ಸುಣ್ಣದ ಜೊತೆ ಮಾಡುತ್ತಿದ್ದ ಕೆಲಸವೇ ಇದು. ಕನ್ನಂಬಾಡಿ ಕಟ್ಟೆ ನಿಂತಿರುವುದು ಆ ಗಾರೆಯ ಮೇಲೆ. ಸ್ಲ್ಯಾಗ್ ಕಥೆ ಬೇರೆ. ಕಬ್ಬಿಣದ ಊದುಕುಲುಮೆಯಿಂದ ಬರುವ ಕಿಟ್ಟವನ್ನು ನೀರಿನಲ್ಲಿ ಥಟ್ಟನೆ ತಣಿಸಿ, ಒಣಗಿಸಿ, ಸಿಮೆಂಟಿನಷ್ಟೇ ನುಣ್ಣಗೆ ಬೀಸಿದರೆ ಸಿಗುವ ಬಿಳಿ ಪುಡಿ ಅದು. ವ್ಯಾಪಾರದ ಹೆಸರು ಜಿಜಿಬಿಎಸ್. ಅದರೊಳಗೇ ಸುಣ್ಣದ ಅಂಶ ಸಾಕಷ್ಟಿರುವುದರಿಂದ ಸಿಮೆಂಟು ಸ್ವಲ್ಪ ಚುರುಕು ಮುಟ್ಟಿಸಿದರೆ ಸಾಕು, ಉಳಿದದ್ದನ್ನು ತಾನೇ ಮಾಡಿಕೊಳ್ಳುತ್ತದೆ. ಹಾಗಾಗಿಯೇ ಫ್ಲೈ ಆಶ್‌ಗಿಂತ ಸ್ಲ್ಯಾಗನ್ನು ಹೆಚ್ಚು ಪ್ರಮಾಣದಲ್ಲಿ ಹಾಕಬಹುದು.

ಮುಂದೆ “ಬೈಂಡರ್” ಎಂದರೆ ಸಿಮೆಂಟು ಮತ್ತು ಬೂದಿ, ಅಥವಾ ಸಿಮೆಂಟು ಮತ್ತು ಸ್ಲ್ಯಾಗ್, ಎರಡರ ಒಟ್ಟು ತೂಕ ಎಂದು ಓದಿಕೊಳ್ಳಿ.

ಹಂತ 1: ಚೀಲ ನೋಡಿ

ಈ ಲೆಕ್ಕವೆಲ್ಲ ಒಪಿಸಿ ಸಿಮೆಂಟಿಗೆ, ಅಂದರೆ ಏನೂ ಬೆರೆಸದ ಸಾದಾ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ. ನಿಮ್ಮ ಚೀಲದ ಮೇಲೆ ಪಿಪಿಸಿ ಎಂದಿದ್ದರೆ ಕಾರ್ಖಾನೆಯಲ್ಲೇ ಬೂದಿ ಬೆರೆಸಿಯಾಗಿದೆ. ಪಿಪಿಸಿಯ ಮಾನಕ ಐಎಸ್ 1489 ಪ್ರಕಾರ ಅದರಲ್ಲಿ 15ರಿಂದ 35 ಶೇಕಡಾ ಫ್ಲೈ ಆಶ್ ಇರಬಹುದು. 30 ಶೇಕಡಾ ಇರುವ ಪಿಪಿಸಿಗೆ ನೀವು ಮತ್ತೆ ಕಾಲು ಭಾಗ ಬೂದಿ ಬೆರೆಸಿದಿರಿ ಎಂದುಕೊಳ್ಳಿ. 100 ಕೆ.ಜಿ. ಬೈಂಡರ್‌ನಲ್ಲಿ ನಿಮ್ಮದು 25, ಉಳಿದ 75 ಕೆ.ಜಿ. ಪಿಪಿಸಿಯೊಳಗೆ ಆಗಲೇ ಇರುವುದು 22.5. ಒಟ್ಟು 47.5 ಶೇಕಡಾ ಬೂದಿ, ಮಿತಿ 35. ಸೈಟುಗಳಲ್ಲಿ ನಾನು ಕಂಡ ತಪ್ಪುಗಳಲ್ಲಿ ಇದೇ ಎಲ್ಲಕ್ಕಿಂತ ಹೆಚ್ಚು, ಮತ್ತು ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಏಕೆಂದರೆ ಕಾಂಕ್ರೀಟು ನೋಡಲು ಚೆನ್ನಾಗಿಯೇ ಇರುತ್ತದೆ, ಬೆಣ್ಣೆಯ ಹಾಗೆ ಹರಿಯುತ್ತದೆ. ಕ್ಯೂಬ್ ಒಡೆದ ದಿನವೇ ಗೊತ್ತಾಗುವುದು. ಪಿಎಸ್‌ಸಿ ಎಂಬ ಸ್ಲ್ಯಾಗ್ ಸಿಮೆಂಟಿಗೂ ಇದೇ ಮಾತು: ಐಎಸ್ 455 ಪ್ರಕಾರ ಅದರಲ್ಲಿ 25ರಿಂದ 70 ಶೇಕಡಾ ಸ್ಲ್ಯಾಗ್ ಇರಬಹುದು.

ಪಿಪಿಸಿ ಅಥವಾ ಪಿಎಸ್‌ಸಿ ಬಳಸುತ್ತಿದ್ದೀರಾ? ಹಾಗಾದರೆ ನೀವು ಆಗಲೇ ಬದಲಿ ಮಾಡಿದ್ದೀರಿ. ಮತ್ತೆ ಏನೂ ಬೆರೆಸಬೇಡಿ.

ಹಂತ 2: ಬಂದ ಮಾಲು ಬೇಕಾದದ್ದೇ ಎಂದು ಖಾತ್ರಿ ಮಾಡಿಕೊಳ್ಳಿ

“ಬೂದಿ” ಎಂದು ಮಾರುವುದೆಲ್ಲ ಫ್ಲೈ ಆಶ್ ಅಲ್ಲ. ಕೊಳಕ್ಕೆ ಹರಿಸಿದ ಒದ್ದೆ ಬೂದಿ, ಕುಲುಮೆಯ ತಳದಲ್ಲಿ ಬೀಳುವ ಉರುಟು ಬೂದಿ, ಸಕ್ಕರೆ ಕಾರ್ಖಾನೆಯ ಬಾಯ್ಲರ್ ಬೂದಿ, ಇವು ಯಾವುವೂ ಸಿಮೆಂಟಿನ ಜಾಗ ತುಂಬುವುದಿಲ್ಲ. ನಿಮಗೆ ಬೇಕಾದದ್ದು ಐಎಸ್ 3812 ಭಾಗ 1ಕ್ಕೆ ಒಪ್ಪುವ ಒಣ ಬೂದಿ. ಪರೀಕ್ಷಾ ವರದಿ ಕೇಳಿ ಪಡೆದು ಎರಡು ಅಂಕಿ ನೋಡಿ. 45 ಮೈಕ್ರಾನ್ ಜರಡಿಯ ಮೇಲೆ ಉಳಿಯುವುದು 34 ಶೇಕಡಾ ಮೀರಬಾರದು. ಮೀರಿದರೆ ಬೂದಿ ಉರುಟು, ಸುಣ್ಣದ ಜೊತೆ ಸರಿಯಾಗಿ ಕೂಡುವುದಿಲ್ಲ. ಸುಟ್ಟಾಗ ಕಳೆಯುವ ತೂಕ, ವರದಿಯಲ್ಲಿ “ಲಾಸ್ ಆನ್ ಇಗ್ನಿಷನ್” ಎಂದಿರುತ್ತದೆ, 5 ಶೇಕಡಾ ಮೀರಬಾರದು. ಅದು ಉರಿಯದೆ ಉಳಿದ ಇದ್ದಿಲಿನ ಲೆಕ್ಕ. ಇದ್ದಿಲು ನೀವು ಹಾಕಿದ ಅಡ್‌ಮಿಕ್ಸ್ಚರನ್ನು, ಅಂದರೆ ಕಡಿಮೆ ನೀರಿನಲ್ಲೇ ಕಾಂಕ್ರೀಟು ಹರಿಯುವಂತೆ ಮಾಡುವ ದ್ರವವನ್ನು, ಹೀರಿಕೊಂಡುಬಿಡುತ್ತದೆ.

ವರದಿ ಕೈಗೆ ಬರುವವರೆಗೆ ಒಂದು ಗಾಜಿನ ಲೋಟ ಸಾಕು. ನೀರಿಗೆ ಒಂದು ಚಮಚ ಬೂದಿ ಹಾಕಿ ಕದಡಿ ಬಿಡಿ. ಮೇಲೆ ಕಪ್ಪು ಪೊರೆ ಕಟ್ಟಿದರೆ ಇದ್ದಿಲು ಹೆಚ್ಚು ಎಂದು ಅನುಮಾನಿಸಿ. ಬಿಳಿಚಿದ ತೆಳು ನೊರೆಯಂಥದ್ದು ತೇಲಿದರೆ ಗಾಬರಿ ಬೇಡ, ಅವು ಒಳಗೆ ಟೊಳ್ಳಾದ ಬೂದಿ ಗೋಲಿಗಳು, ಒಳ್ಳೆಯ ಬೂದಿಯಲ್ಲೂ ಇರುತ್ತವೆ. ಒಮ್ಮೆ ನಮ್ಮ ಸೈಟಿಗೆ ಬಂದ ಲೋಡಿನಲ್ಲಿ ಕಪ್ಪು ಪೊರೆ ಕಂಡರೂ “ನೋಡೋಣ” ಎಂದು ಹಾಕಿಸಿದೆ. ಮಿಕ್ಸರ್‌ನಿಂದ ಇಳಿದಾಗ ಚೆನ್ನಾಗಿದ್ದ ಕಾಂಕ್ರೀಟು ಕಾಲು ಗಂಟೆಯಲ್ಲಿ ಬಾಂಡ್ಲಿಯಿಂದ ಬೀಳದಷ್ಟು ಬಿಗಿದುಕೊಂಡಿತು. ಹುಡುಗರು ನೀರು ಸುರಿಯಲು ಹೊರಟಾಗ ಕೆಲಸ ನಿಲ್ಲಿಸಬೇಕಾಯಿತು.

ಸ್ಲ್ಯಾಗ್ ವಿಷಯದಲ್ಲಿ ಮೋಸ ಹೋಗುವುದು ಬೇರೆ ಕಡೆ. ಬಳ್ಳಾರಿ ಸೀಮೆಯ ಉಕ್ಕಿನ ಕಾರ್ಖಾನೆಗಳಿಂದ “ಸ್ಲ್ಯಾಗ್ ಸ್ಯಾಂಡ್” ಎಂಬುದು ಬರುತ್ತದೆ. ಅದು ಬೀಸದ ಹರಳು ಕಿಟ್ಟ, ಮರಳಿನ ಬದಲಿಗೆ ಹಾಕುವಂಥದ್ದು. ಹೆಸರಿನಲ್ಲಿ ಸ್ಲ್ಯಾಗ್ ಇದೆ ಎಂದು ಸಿಮೆಂಟಿನ ಲೆಕ್ಕಕ್ಕೆ ಹಿಡಿಯಬೇಡಿ. ಸಿಮೆಂಟಿನ ಬದಲಿಗೆ ಬೇಕಾದ ಬೀಸಿದ ಪುಡಿಗೆ ಐಎಸ್ 16714 ಎಂಬ ಪ್ರತ್ಯೇಕ ಮಾನಕವಿದೆ; ಆ ಸಂಖ್ಯೆ ಬಿಲ್ಲಿನಲ್ಲೋ ವರದಿಯಲ್ಲೋ ಕಾಣಬೇಕು.

ಹಂತ 3: ಮೂಲ ಮಿಕ್ಸನ್ನು ಲೀಟರಿಗೆ ಇಳಿಸಿ

ಇಲ್ಲಿಂದ ನಿಜವಾದ ಲೆಕ್ಕ. ನಾವು ಹಿಡಿದಿರುವುದು ಎಂ25, 20 ಮಿ.ಮೀ. ಜಲ್ಲಿ, ಎರಡನೇ ಝೋನಿನ ಎಂ-ಸ್ಯಾಂಡ್, ಸುಮಾರು 100 ಮಿ.ಮೀ. ಸ್ಲಂಪ್ (ಕೋನ್ ಎತ್ತಿದಾಗ ಕಾಂಕ್ರೀಟು ಕುಸಿಯುವ ಎತ್ತರ). ಒಪಿಸಿಯಲ್ಲಿ ಚೆನ್ನಾಗಿ ಬರುತ್ತಿರುವ ಮಿಕ್ಸ್ ಹೀಗಿದೆ: ಸಿಮೆಂಟು 350 ಕೆ.ಜಿ., ನೀರು 165 ಲೀಟರ್, ಅಡ್‌ಮಿಕ್ಸ್ಚರ್ 2.1 ಕೆ.ಜಿ.

ಇದನ್ನು ಗಾತ್ರಕ್ಕೆ ಇಳಿಸಲು ಒಂದೇ ಸೂತ್ರ: ಕೆ.ಜಿ.ಯನ್ನು ಸ್ಪೆಸಿಫಿಕ್ ಗ್ರ್ಯಾವಿಟಿಯಿಂದ ಭಾಗಿಸಿದರೆ ಲೀಟರ್. ಸ್ಪೆಸಿಫಿಕ್ ಗ್ರ್ಯಾವಿಟಿ ಎಂದರೆ ಆ ವಸ್ತು ನೀರಿಗಿಂತ ಎಷ್ಟು ಪಟ್ಟು ಭಾರ ಎಂಬ ಅಂಕಿ. ಸಿಮೆಂಟಿಗೆ 3.15, ಫ್ಲೈ ಆಶ್‌ಗೆ ಸುಮಾರು 2.2, ಸ್ಲ್ಯಾಗ್‌ಗೆ ಸುಮಾರು 2.9. ಜಲ್ಲಿಗೆ 2.65, ಎಂ-ಸ್ಯಾಂಡಿಗೆ 2.60 ಎಂದು ಹಿಡಿದಿದ್ದೇನೆ. ನಿಮ್ಮ ಲ್ಯಾಬ್ ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಹಾಕಿ, ಏಕೆಂದರೆ ಕ್ವಾರಿಯಿಂದ ಕ್ವಾರಿಗೆ ಇವು ಬದಲಾಗುತ್ತವೆ.

ಒಂದು ಘನ ಮೀಟರ್ ಎಂದರೆ 1000 ಲೀಟರಿನ ಖಾಲಿ ತೊಟ್ಟಿ ಎಂದುಕೊಳ್ಳಿ. ಅದರಲ್ಲಿ ಸಿಮೆಂಟು 350 ÷ 3.15 = 111 ಲೀಟರ್ ಜಾಗ ಹಿಡಿಯಿತು. ನೀರು 165, ಅಡ್‌ಮಿಕ್ಸ್ಚರ್ 2, ಎಷ್ಟು ವೈಬ್ರೇಟರ್ ಹಿಡಿದರೂ ಒಳಗೇ ಉಳಿಯುವ ಗಾಳಿಗೆ 10. ಒಟ್ಟು 288. ಉಳಿದ 712 ಲೀಟರು ಜಲ್ಲಿ ಮತ್ತು ಮರಳಿನದು. ಎರಡನೇ ಝೋನಿನ ಮರಳಿಗೆ ಅದರಲ್ಲಿ ಜಲ್ಲಿಯ ಪಾಲು 0.62 ಎಂದು ಹಿಡಿದರೆ 441 ಲೀಟರ್, ಅಂದರೆ 1170 ಕೆ.ಜಿ. ಮರಳು 271 ಲೀಟರ್‌ಗೆ ಒಂದಿಷ್ಟು ಕಡಿಮೆ, 703 ಕೆ.ಜಿ. ನಿಮ್ಮ ಹತ್ತಿರ ಇರುವ ಮಿಕ್ಸ್ ಯಾವುದೇ ಇರಲಿ, ಮೊದಲು ಹೀಗೆ ಲೀಟರಿನಲ್ಲಿ ಬರೆದುಕೊಂಡು ಮೊತ್ತ 1000 ಬರುತ್ತದೆಯೇ ನೋಡಿ. ಮೂಲವೇ 1000 ಬಾರದಿದ್ದರೆ ಬದಲಿ ಮಾಡಲು ಹೋಗಬೇಡಿ.

ಹಂತ 4: ಎಷ್ಟು ಶೇಕಡಾ, ಬೈಂಡರ್ ಎಷ್ಟು?

ಫ್ಲೈ ಆಶ್ 25 ಶೇಕಡಾ ಎಂದು ನಿರ್ಧರಿಸೋಣ. 30ಕ್ಕೂ ಹೋಗಬಹುದು, ಆದರೆ ಮೊದಲ ಸಲ ಮಾಡುವವರಿಗೆ, ಸೆಂಟ್ರಿಂಗ್ ಬೇಗ ಬಿಚ್ಚಬೇಕೆಂದು ಕಾಯುತ್ತಿರುವವರಿಗೆ 25 ಸಾಕು.

ಈಗ ಕೇಳಬೇಕಾದ ಪ್ರಶ್ನೆ: 350ರಲ್ಲೇ ಕಾಲು ಭಾಗ ತೆಗೆಯಬೇಕೋ, ಅಥವಾ ಬೈಂಡರನ್ನೇ ಸ್ವಲ್ಪ ಹೆಚ್ಚಿಸಿಕೊಂಡು ತೆಗೆಯಬೇಕೋ? ಬೂದಿ ನಿಧಾನದ ಪ್ರಾಣಿ. 28ನೇ ದಿನಕ್ಕೆ ಅದರ ಕೆಲಸ ಮುಗಿದಿರುವುದಿಲ್ಲ, ಆದರೆ ನಿಮ್ಮ ಕ್ಯೂಬನ್ನು ಅಳೆಯುವುದು 28ನೇ ದಿನವೇ. ಆ ಕೊರತೆ ತುಂಬಿಕೊಳ್ಳಲು ಮಿಕ್ಸ್ ಡಿಸೈನಿನ ಮಾನಕ ಐಎಸ್ 10262ರ ಫ್ಲೈ ಆಶ್ ಉದಾಹರಣೆಯಲ್ಲಿ ಬೈಂಡರನ್ನು 10 ಶೇಕಡಾ ಹೆಚ್ಚಿಸಿಕೊಂಡಿದ್ದಾರೆ. ಇದು ಕಡ್ಡಾಯವಲ್ಲ, ಅನುಭವ ಮತ್ತು ಟ್ರಯಲ್ ನೋಡಿ ಮಾಡುವಂಥದ್ದು. ನಾನಂತೂ ಮೊದಲ ಟ್ರಯಲ್ ಅಲ್ಲಿಂದಲೇ ಶುರು ಮಾಡುತ್ತೇನೆ. ಹಾಗಾಗಿ ಬೈಂಡರ್ 385 ಕೆ.ಜಿ.; ಅದರಲ್ಲಿ ಬೂದಿ 96, ಸಿಮೆಂಟು 289. ಬೈಂಡರ್ ಹೆಚ್ಚಾದರೂ ಸಿಮೆಂಟಿನಲ್ಲಿ 61 ಕೆ.ಜಿ. ಉಳಿಯಿತು, ಅಂದರೆ ಪ್ರತಿ ಘನ ಮೀಟರಿಗೆ ಒಂದು ಚೀಲಕ್ಕಿಂತ ಹೆಚ್ಚು.

ಸ್ಲ್ಯಾಗ್ ಇಷ್ಟು ತಡ ಮಾಡುವುದಿಲ್ಲ. 7ನೇ ದಿನ ಹಿಂದಿದ್ದರೂ 28ರ ಹೊತ್ತಿಗೆ ಸಾಮಾನ್ಯವಾಗಿ ಒಪಿಸಿಯ ಹತ್ತಿರ ಬಂದು ನಿಲ್ಲುತ್ತದೆ. ಹಾಗಾಗಿ ಬೈಂಡರ್ 350ರಲ್ಲೇ ಇಟ್ಟು 40 ಶೇಕಡಾ ಬದಲಿಸೋಣ: ಸ್ಲ್ಯಾಗ್ 140, ಸಿಮೆಂಟು 210.

ಇಲ್ಲಿ ಹಲವರು ಹೆದರುತ್ತಾರೆ. “ಐಎಸ್ 456ರಲ್ಲಿ ಮಾಡರೇಟ್ ವಾತಾವರಣದ ಆರ್‌ಸಿಸಿಗೆ ಕನಿಷ್ಠ ಸಿಮೆಂಟು 300 ಅಂತಿದೆ, ನಮ್ಮದು 210 ಆಯ್ತಲ್ಲ? ನೀರು-ಸಿಮೆಂಟು ಅನುಪಾತ 0.50 ಮೀರಬಾರದು ಅಂತಿದೆ, 165 ಭಾಗಿಸು 289 ಅಂದ್ರೆ 0.57 ಬರುತ್ತಲ್ಲ?” ಎರಡನ್ನೂ ಬರೀ ಸಿಮೆಂಟಿನ ಮೇಲೆ ಲೆಕ್ಕ ಹಾಕುವುದಲ್ಲ, ಬೈಂಡರ್ ಮೇಲೆ ಹಾಕಬೇಕು. ಬೂದಿ ಮತ್ತು ಸ್ಲ್ಯಾಗಿನ ಪ್ರಮಾಣ ಪಿಪಿಸಿ, ಪಿಎಸ್‌ಸಿ ಮಾನಕಗಳ ಮಿತಿಯೊಳಗೆ ಇರುವ ತನಕ ಅದೇ ಐಎಸ್ 456 ಇದಕ್ಕೆ ಅವಕಾಶ ಕೊಟ್ಟಿದೆ. ನಮ್ಮ ಅನುಪಾತ ಬೂದಿ ಮಿಕ್ಸ್‌ನಲ್ಲಿ 165 ÷ 385 = 0.43, ಸ್ಲ್ಯಾಗ್ ಮಿಕ್ಸ್‌ನಲ್ಲಿ 165 ÷ 350 = 0.47. ಸರ್ಕಾರಿ ಕಾಮಗಾರಿಯಾದರೆ ಮಾತ್ರ ಟೆಂಡರಿನಲ್ಲಿ ಬರೀ ಒಪಿಸಿಗೆ ಬೇರೆ ಕನಿಷ್ಠ ಹಾಕಿದ್ದಾರೆಯೇ ನೋಡಿಕೊಳ್ಳಿ. ಹಾಕಿದ್ದರೆ ಅದೇ ನಡೆಯುತ್ತದೆ.

ಹಂತ 5: ಹೆಚ್ಚಾದ ಜಾಗವನ್ನು ಮರಳಿನಿಂದ ಕಳೆಯಿರಿ

ಬೂದಿ ಮಿಕ್ಸ್: ಸಿಮೆಂಟು 289 ÷ 3.15 = 91.7 ಲೀಟರ್, ಬೂದಿ 96 ÷ 2.2 = 43.6 ಲೀಟರ್. ಒಟ್ಟು ಸುಮಾರು 135. ಮೊದಲು ಇದ್ದದ್ದು 111. ಅಂದರೆ 24 ಲೀಟರ್ ಹೆಚ್ಚು ಜಾಗ ಹೋಯಿತು. ಇದನ್ನು ನಾನು ಪೂರ್ತಿ ಮರಳಿನಿಂದಲೇ ತೆಗೆಯುತ್ತೇನೆ, ಜಲ್ಲಿಗೆ ಕೈ ಹಚ್ಚುವುದಿಲ್ಲ. ಕಾರಣ ಸರಳ: ಮರಳಿನ ನುಣುಪು ಭಾಗ ಮಾಡುತ್ತಿದ್ದ ಕೆಲಸವನ್ನು ಈಗ ಬೂದಿ ಮಾಡುತ್ತದೆ. ಮರಳು ಇಳಿಸದಿದ್ದರೆ ಕಾಂಕ್ರೀಟು ಜಿಗುಟಾಗಿ ಸಲಿಕೆಗೆ ಅಂಟುತ್ತದೆ. ಮಾನಕದ ದಾರಿಯಲ್ಲಿ ಅನುಪಾತ ಇಳಿದಂತೆ ಜಲ್ಲಿಯ ಪಾಲು ಸ್ವಲ್ಪ ಏರಿಸಿಕೊಂಡು ಹೊಸದಾಗಿ ಲೆಕ್ಕ ಹಾಕಿದರೂ ಉತ್ತರ ಇದರ ಆಸುಪಾಸಿನಲ್ಲೇ ಬರುತ್ತದೆ.

24.3 ಲೀಟರ್ × 2.60 = 63 ಕೆ.ಜಿ. ಮರಳು 703ರಿಂದ 640ಕ್ಕೆ ಇಳಿಯಿತು.

ಸ್ಲ್ಯಾಗ್ ಮಿಕ್ಸ್: 210 ÷ 3.15 = 66.7, 140 ÷ 2.9 = 48.3. ಒಟ್ಟು 115, ಮೊದಲಿಗಿಂತ 4 ಲೀಟರ್ ಮಾತ್ರ ಹೆಚ್ಚು. ಮರಳಿನಲ್ಲಿ 10 ಕೆ.ಜಿ. ಕಡಿಮೆ ಮಾಡಿದರೆ ಮುಗಿಯಿತು. ಸ್ಲ್ಯಾಗ್ ತೂಕದಲ್ಲಿ ಸಿಮೆಂಟಿಗೆ ಹತ್ತಿರ ಇರುವುದರ ಅನುಕೂಲ ಇದು.

ಮೂರನ್ನೂ ಪಕ್ಕಪಕ್ಕ ಇಟ್ಟರೆ, ಒಂದು ಘನ ಮೀಟರಿಗೆ:

| ವಸ್ತು (ಕೆ.ಜಿ.) | ಬರೀ ಒಪಿಸಿ | ಫ್ಲೈ ಆಶ್ 25% | ಸ್ಲ್ಯಾಗ್ 40% |
|---|---|---|---|
| ಒಪಿಸಿ ಸಿಮೆಂಟು | 350 | 289 | 210 |
| ಫ್ಲೈ ಆಶ್ / ಸ್ಲ್ಯಾಗ್ | – | 96 | 140 |
| ನೀರು | 165 | 165 | 165 |
| ಎಂ-ಸ್ಯಾಂಡ್ | 703 | 640 | 693 |
| 20 ಮಿ.ಮೀ. ಜಲ್ಲಿ | 1170 | 1170 | 1170 |
| ಅಡ್‌ಮಿಕ್ಸ್ಚರ್ | 2.1 | 2.3 | 2.1 |
| ಒಟ್ಟು, ಸುಮಾರು | 2390 | 2362 | 2380 |

ಅಡ್‌ಮಿಕ್ಸ್ಚರ್ ಬೈಂಡರ್‌ನ 0.6 ಶೇಕಡಾ, ಬರೀ ಸಿಮೆಂಟಿನದಲ್ಲ. 289ರ ಮೇಲೆ ಲೆಕ್ಕ ಹಾಕಿ “ಸ್ಲಂಪ್ ಬರ್ತಿಲ್ಲ” ಎನ್ನುವವರಿದ್ದಾರೆ.

ಮರಳು ಇಳಿಸದೆ ಹಾಗೇ ಬಿಟ್ಟರೆ ಏನಾಗುತ್ತದೆ? ಒಂದು ಘನ ಮೀಟರಿನ ಬದಲು 1.024 ಘನ ಮೀಟರ್ ಬರುತ್ತದೆ. ಕೆಲವರಿಗೆ ಅದು ಲಾಭದಂತೆ ಕಾಣುತ್ತದೆ! ಆದರೆ ಅದೇ 289 ಕೆ.ಜಿ. ಸಿಮೆಂಟು ಹೆಚ್ಚಿನ ಕಾಂಕ್ರೀಟಿಗೆ ಹಂಚಿಹೋಗಿ ನಿಜವಾದ ಘನ ಮೀಟರಿಗೆ 282 ಉಳಿಯುತ್ತದೆ. ಪುಸ್ತಕದಲ್ಲಿ ಬರೆದದ್ದು ಒಂದು, ಮೋಲ್ಡಿಗೆ ಹೋದದ್ದು ಇನ್ನೊಂದು.

ಹಂತ 6: ಮರಳಿನ ತೇವ ಕಳೆಯಿರಿ

ಮೇಲಿನ ಪಟ್ಟಿಯ ಮರಳು, ಜಲ್ಲಿ ಎರಡೂ ಒಳಗೆ ನೀರು ಕುಡಿದು ಮೇಲ್ಮೈ ಒಣಗಿರುವ ಸ್ಥಿತಿಯವು. ಸೈಟಿನಲ್ಲಿ ಹಾಗೆ ಎಂದೂ ಸಿಗುವುದಿಲ್ಲ. ತೊಳೆದ ಎಂ-ಸ್ಯಾಂಡಿನ ಮೇಲ್ಮೈಯಲ್ಲಿ 3 ಶೇಕಡಾ ತೇವ ಇದೆ ಎನ್ನಿ. 640ಕ್ಕೆ 19 ಲೀಟರ್ ನೀರು ಮರಳಿನ ಜೊತೆಯೇ ಬಂತು. ಹಾಗಾದರೆ ಮರಳು ತೂಗಬೇಕಾದದ್ದು 659. ಜಲ್ಲಿ ಬಿಸಿಲಲ್ಲಿ ಒಣಗಿದ್ದು ಅರ್ಧ ಶೇಕಡಾ ನೀರು ಕುಡಿಯುತ್ತದೆ ಎಂದರೆ 6 ಲೀಟರ್ ಅದಕ್ಕೆ ಕೊಡಬೇಕು. ತೂಗುವಾಗ ಅದು ಅಷ್ಟು ಹಗುರ, 1164. ಮಿಕ್ಸರಿಗೆ ಸುರಿಯುವ ನೀರು 165 − 19 + 6 = 152 ಲೀಟರ್. ಮಳೆ ಬಂದ ಮರುದಿನ ಈ ಲೆಕ್ಕ ಮತ್ತೆ ಹಾಕಿ.

ಹಂತ 7: ಚೀಲದ ಲೆಕ್ಕಕ್ಕೆ ತನ್ನಿ

ಬ್ಯಾಚಿಂಗ್ ಪ್ಲಾಂಟಿನವರು ಇದನ್ನು ಬಿಟ್ಟು ಮುಂದೆ ಹೋಗಬಹುದು. ಸೈಟ್ ಮಿಕ್ಸರಿನಲ್ಲಿ ಹಾಕುವವರಿಗೆ ಒಂದು ಚೀಲ ಸಿಮೆಂಟಿಗೆ ಎಷ್ಟು ಎಂಬುದೇ ಬೇಕು. ಎಲ್ಲ ಅಂಕಿಯನ್ನೂ 50 ÷ 289, ಅಂದರೆ 0.173ರಿಂದ ಗುಣಿಸಿ. ಒಂದು ಚೀಲಕ್ಕೆ ಫ್ಲೈ ಆಶ್ 16.6 ಕೆ.ಜಿ., ಮರಳು 111, ಜಲ್ಲಿ 202, ಅಡ್‌ಮಿಕ್ಸ್ಚರ್ 400 ಗ್ರಾಂ, ನೀರು ಒಟ್ಟು 28.5 ಲೀಟರ್. ತೇವದ ತಿದ್ದುಪಡಿ ಇದರ ಮೇಲೆ.

ಬೂದಿಯನ್ನು ಸಿಮೆಂಟಿನ ಬಕೆಟ್ಟಿನಿಂದ ಅಳೆಯಬೇಡಿ. ಸಡಿಲವಾಗಿ ತುಂಬಿದ ಬೂದಿ ಸಿಮೆಂಟಿಗಿಂತ ಬಹಳ ಹಗುರ, ಕುಲುಕಿದರೆ ಕುಗ್ಗುತ್ತದೆ, ಒಂದು ಬಕೆಟ್ ಇನ್ನೊಂದರಂತೆ ಇರುವುದಿಲ್ಲ. ಒಂದು ತೂಗುವ ಕೊಕ್ಕೆ ತಕ್ಕಡಿ ತಂದು, ಬೆಳಗ್ಗೆಯೇ 16.6 ಕೆ.ಜಿ. ತೂಗಿ ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿಟ್ಟುಬಿಡಿ. ಒಂದು ಸಿಮೆಂಟು ಚೀಲಕ್ಕೆ ಒಂದು ಬೂದಿ ಚೀಲ. ಮಿಕ್ಸರ್ ಹತ್ತಿರ ಯಾರೂ ಲೆಕ್ಕ ಹಾಕುವ ಹಾಗೇ ಇರಬಾರದು.

ಈ ಬ್ಯಾಚಿನಲ್ಲಿ 173 ಲೀಟರ್ ಕಾಂಕ್ರೀಟು ಬರುತ್ತದೆ, 10/7 ಮಿಕ್ಸರಿಗೆ (ಒಂದು ಸಲಕ್ಕೆ ಸುಮಾರು 200 ಲೀಟರ್ ಕೊಡುವುದು) ಸರಿಹೋಗುತ್ತದೆ. ಸ್ಲ್ಯಾಗ್ ಮಿಕ್ಸ್‌ನಲ್ಲಿ ಒಂದು ಚೀಲಕ್ಕೆ 33 ಕೆ.ಜಿ. ಸ್ಲ್ಯಾಗ್ ಸೇರಿ 238 ಲೀಟರ್ ಆಗುತ್ತದೆ. ಆ ಮಿಕ್ಸರಿನಲ್ಲಿ ಅಷ್ಟು ಹಿಡಿಯದೆ ಬಾಯಿಂದ ಹಾಲು ಚೆಲ್ಲುತ್ತದೆ, ಚೆಲ್ಲುವುದು ಬೈಂಡರೇ. ಅದಕ್ಕೆ ಸಿಮೆಂಟು 40 ಕೆ.ಜಿ. ತೂಗಿ, ಸ್ಲ್ಯಾಗ್ 26.7 ಹಾಕಿ, ಉಳಿದದ್ದನ್ನು ಅದೇ ಪ್ರಮಾಣದಲ್ಲಿ ಇಳಿಸಿ.

ಹಂತ 8: ಟ್ರಯಲ್ ಹಾಕಿ, ಬಕೆಟ್ ತೂಗಿ

ಕಾಗದದ ಲೆಕ್ಕ ಅರ್ಧ ಕೆಲಸ. ಮೋಲ್ಡ್ ದಿನಕ್ಕೆ ಕನಿಷ್ಠ ಒಂದೂವರೆ ತಿಂಗಳು ಮುಂಚೆ ಟ್ರಯಲ್ ಹಾಕಿ, ತಿದ್ದಿ ಮತ್ತೊಂದು ಹಾಕಲು ಸಮಯ ಇರಲಿ.

ಮೊದಲು ಸ್ಲಂಪ್. ಒಳ್ಳೆಯ ಬೂದಿಯ ಕಣಗಳು ದುಂಡಗಿರುವುದರಿಂದ ಅದೇ ನೀರಿಗೆ ಸ್ಲಂಪ್ 100ರ ಬದಲು 130 ಬರುವುದುಂಟು. ಆಗ “ಚೆನ್ನಾಗಿ ಹರಿಯುತ್ತೆ” ಎಂದು ಬಿಡಬೇಡಿ; ನೀರು 5 ಲೀಟರ್ ಇಳಿಸಿ, ಆ 5 ಲೀಟರಿನ ಜಾಗಕ್ಕೆ 13 ಕೆ.ಜಿ. ಮರಳು ಸೇರಿಸಿ. ಬೂದಿ ಹಾಕಿದ್ದರ ಮೊದಲ ಲಾಭ ಆ ಉಳಿದ ನೀರು. ಸ್ಲಂಪ್ 60ಕ್ಕೆ ಇಳಿದರೆ ಬೂದಿಯನ್ನೇ ಅನುಮಾನಿಸಿ, ನೀರಿನ ಪೈಪು ಮುಟ್ಟಬೇಡಿ.

ಆಮೇಲೆ ಗಾತ್ರದ ಪರೀಕ್ಷೆ, ಇದನ್ನು ಬಹುತೇಕ ಯಾರೂ ಮಾಡುವುದಿಲ್ಲ. ನೀರು ತುಂಬಿ ತೂಗಿ 10 ಲೀಟರ್ ಎಂದು ಖಾತ್ರಿ ಮಾಡಿಕೊಂಡ ಗಟ್ಟಿ ಪಾತ್ರೆಯಲ್ಲಿ ಹಸಿ ಕಾಂಕ್ರೀಟು ತುಂಬಿ, ಚೆನ್ನಾಗಿ ಕುಟ್ಟಿ, ಮೇಲೆ ಸಮ ಮಾಡಿ ತೂಗಿ. ಬೂದಿ ಮಿಕ್ಸ್‌ನಲ್ಲಿ 23.6 ಕೆ.ಜಿ. ಹತ್ತಿರ ಬರಬೇಕು. ನೀವು ಹಾಕಿದ ಒಟ್ಟು ತೂಕವನ್ನು ಒಂದು ಘನ ಮೀಟರಿನ ತೂಕದಿಂದ ಭಾಗಿಸಿ: 2362 ÷ 2360 ಅಂದರೆ 1 ಘನ ಮೀಟರ್, ಸರಿ. ಮರಳು ಇಳಿಸಲು ಮರೆತಿದ್ದರೆ ಒಟ್ಟು 2425 ಇದ್ದು ಭಾಗಾಕಾರ 1.02 ದಾಟುತ್ತದೆ. ಪಾತ್ರೆಯ ತೂಕ ಮಾತ್ರ ನೋಡಿದರೆ ಈ ತಪ್ಪು ಸಿಗುವುದಿಲ್ಲ, ಭಾಗಿಸಿದರೇ ಸಿಗುವುದು.

ಕೊನೆಗೆ ಕ್ಯೂಬುಗಳು. ಎಂ25ಕ್ಕೆ ಟ್ರಯಲ್‌ನಲ್ಲಿ 25 ಬಂದರೆ ಸಾಲದು. ಸೈಟಿನ ಏರುಪೇರಿಗೆ ಸೇರಿಸಿ 25 + 1.65 × 4 = 31.6 ನ್ಯೂಟನ್ ಪ್ರತಿ ಚದರ ಮಿ.ಮೀ. ಗುರಿ. 150 ಮಿ.ಮೀ. ಕ್ಯೂಬಿಗೆ ಯಂತ್ರದ ಮುಳ್ಳು ಸರಾಸರಿ 711 ಕಿಲೋನ್ಯೂಟನ್ ತೋರಿಸಬೇಕು. 7, 28, 56 ದಿನಕ್ಕೆ ಮೂರು ಮೂರು ಕ್ಯೂಬು ಮಾಡಿ. 7ನೇ ದಿನದ ಅಂಕಿ ಒಪಿಸಿಗಿಂತ ಕಡಿಮೆ ಬಂದೇ ಬರುತ್ತದೆ, ಅದನ್ನು ನೋಡಿ “ಫೇಲ್” ಎನ್ನಬೇಡಿ. ಮುಂದೆ ಹೋಲಿಸಲು ಅದೇ ಅಂಕಿ ಬೇಕು: ಮೋಲ್ಡ್ ದಿನದ ಕ್ಯೂಬು 7ಕ್ಕೆ ಟ್ರಯಲ್‌ನ 7ರಷ್ಟೇ ಕೊಟ್ಟರೆ ದಾರಿ ಸರಿ ಇದೆ. 28ಕ್ಕೆ ಗುರಿ ಮುಟ್ಟದಿದ್ದರೆ ಬೂದಿ ಶೇಕಡಾ ಇಳಿಸುವ ಮೊದಲು ನೀರು ಇಳಿಸಿ ನೋಡಿ.

ಸ್ಲ್ಯಾಗ್ ಕ್ಯೂಬು ಒಡೆದಾಗ ಒಳಗೆ ಹಸಿರು-ನೀಲಿ ಬಣ್ಣ ಕಾಣುತ್ತದೆ. ಮೊದಲ ಸಲ ನೋಡಿದವರು ಏನೋ ಕಲಬೆರಕೆ ಎಂದುಕೊಳ್ಳುತ್ತಾರೆ. ಅದು ಸ್ಲ್ಯಾಗಿನ ಸಹಜ ಬಣ್ಣ, ಗಾಳಿಗೆ ಬಿಟ್ಟರೆ ಕೆಲ ದಿನದಲ್ಲಿ ಮಾಸುತ್ತದೆ.

ಹಂತ 9: ನೀರು ಹೊಡೆಯುವುದು, ಸೆಂಟ್ರಿಂಗ್ ಬಿಚ್ಚುವುದು

ಒಪಿಸಿಗೆ 7 ದಿನ ಕ್ಯೂರಿಂಗ್ ಎಂದರೆ ಬೂದಿ, ಸ್ಲ್ಯಾಗ್ ಇರುವ ಕಾಂಕ್ರೀಟಿಗೆ ಐಎಸ್ 456 ಕನಿಷ್ಠ 10 ದಿನ ಕೇಳುತ್ತದೆ, 14ಕ್ಕೆ ಒಯ್ಯುವುದು ಒಳ್ಳೆಯದು ಎನ್ನುತ್ತದೆ. ನಿಧಾನವಾಗಿ ಕೆಲಸ ಮಾಡುವ ಪುಡಿಗೆ ಮಧ್ಯದಲ್ಲಿ ನೀರು ನಿಂತರೆ ಅದು ಬರೀ ಧೂಳಾಗಿ ಉಳಿಯುತ್ತದೆ. ಲ್ಯಾಬಿನ ತೊಟ್ಟಿಯಲ್ಲಿ ಮುಳುಗಿದ್ದ ಕ್ಯೂಬು ಚೆನ್ನಾಗಿ ಬಂದು ಸ್ಲ್ಯಾಬಿನ ಮೇಲ್ಮೈ ಮಾತ್ರ ಉಜ್ಜಿದರೆ ಪುಡಿ ಉದುರುವುದು ಹೀಗೆಯೇ. ಇನ್ನೊಂದು: ಬೂದಿ ಕಾಂಕ್ರೀಟು ಮೇಲಕ್ಕೆ ನೀರು ಬಿಡುವುದು ಕಡಿಮೆ. ಬಯಲುಸೀಮೆಯ ಬಿಸಿಲು ಗಾಳಿಯಲ್ಲಿ ಸಂಜೆಯೊಳಗೆ ಕೂದಲು ಬಿರುಕು ಬಿಡುತ್ತದೆ. ಫಿನಿಶಿಂಗ್ ಮುಗಿಯುತ್ತಿದ್ದಂತೆ ಪ್ಲಾಸ್ಟಿಕ್ ಶೀಟ್ ಹೊದಿಸಿ, ಮರುದಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿ.

4.5 ಮೀಟರ್ ಒಳಗಿನ ಸ್ಲ್ಯಾಬಿಗೆ 7 ದಿನಕ್ಕೆ ಆಧಾರ ತೆಗೆಯಬಹುದು ಎಂಬುದು ಒಪಿಸಿಯ ಲೆಕ್ಕ. ಈ ಮಿಕ್ಸಿಗೆ ಅದನ್ನು ಹಾಗೇ ಹಚ್ಚಬೇಡಿ. ಸ್ಲ್ಯಾಬಿನ ಪಕ್ಕದಲ್ಲೇ, ಅದೇ ನೀರು ಅದೇ ಬಿಸಿಲಿನಲ್ಲಿ ಇಟ್ಟ ಮೂರು ಕ್ಯೂಬನ್ನು ಒಡೆಸಿ, ಡಿಸೈನ್ ಮಾಡಿದ ಎಂಜಿನಿಯರಿಗೆ ಆ ಅಂಕಿ ಕಳಿಸಿ, ಅವರು ಒಪ್ಪಿದ ಮೇಲೆ ಬಿಚ್ಚಿಸಿ. ಡಿಸೆಂಬರಿನ ಮಡಿಕೇರಿಯಲ್ಲಾದರೆ ಇನ್ನೂ ನಾಲ್ಕು ದಿನ ಹಿಡಿದರೆ ಆಶ್ಚರ್ಯವಿಲ್ಲ. ಸೆಂಟ್ರಿಂಗ್ ಬಾಡಿಗೆ ದಿನಕ್ಕೆ ಇಷ್ಟು ಎಂದು ಓಡುತ್ತಿರುವಾಗ ಈ ದಿನಗಳ ಖರ್ಚನ್ನೂ ಉಳಿದ ಸಿಮೆಂಟಿನ ದುಡ್ಡಿನ ಎದುರು ಇಟ್ಟು ಮೊದಲೇ ಲೆಕ್ಕ ಹಾಕಿ. ಒಂದೇ ಸ್ಲ್ಯಾಬಿನ ಸಣ್ಣ ಮನೆಗೆ ಹಲವು ಸಲ ಲೆಕ್ಕ ಕೂಡಿಬರುವುದಿಲ್ಲ; ಅಂಥಲ್ಲಿ ಪಿಪಿಸಿ ಚೀಲ ತಂದು ಹಾಕುವುದೇ ಸುಲಭ. ತಳಪಾಯ, ರಾಫ್ಟ್‌ಗಳಲ್ಲಿ ಆತುರ ಇಲ್ಲ, ದಪ್ಪ ಕಾಂಕ್ರೀಟಿನ ಒಳಕಾವೂ ಕಡಿಮೆಯಾಗುತ್ತದೆ, ಅಲ್ಲಿ ಮೊದಲು ಮಾಡಿ ನೋಡಿ.

ಬೂದಿಯ ಹೊಸ ಲೋಡು ಬಂದಾಗ ಗಾಜಿನ ಲೋಟದ ಪರೀಕ್ಷೆ, ಒಂದು ಸಣ್ಣ ಬ್ಯಾಚಿನ ಸ್ಲಂಪು ಇವೆರಡನ್ನು ಮತ್ತೆ ಮಾಡಿ. ಸ್ಪೆಸಿಫಿಕ್ ಗ್ರ್ಯಾವಿಟಿ 2.2ರಿಂದ 2.0ಕ್ಕೆ ಇಳಿದಿದ್ದರೆ 96 ಕೆ.ಜಿ. ಬೂದಿ 43.6ರ ಬದಲು 48 ಲೀಟರ್ ಹಿಡಿಯುತ್ತದೆ, ಮರಳಿನಲ್ಲಿ ಇನ್ನೂ 11 ಕೆ.ಜಿ. ಇಳಿಸಬೇಕಾಗುತ್ತದೆ.